ಯಾವ ಕಿಣ್ವ ಕಾಣೆಯಾಗಿದೆ? ಹಂತ ಹಂತವಾಗಿ ಪತ್ತೆ ಮಾಡುವ ಬಗೆ

ಆರು ತಿಂಗಳ ಮಗು ಬಾಗಿಲು ಬಡಿದ ಸದ್ದಿಗೂ ಬೆಚ್ಚಿಬೀಳುತ್ತದೆ. ಹಿಂದೆ ಹಿಡಿಯುತ್ತಿದ್ದ ಗಿಲಕಿ ಈಗ ಕೈಯಲ್ಲಿ ನಿಲ್ಲುವುದಿಲ್ಲ, ಗಟ್ಟಿಯಾಗಿದ್ದ ಕತ್ತು ಮತ್ತೆ ವಾಲುತ್ತದೆ. ಕಣ್ಣಿನ ವೈದ್ಯರು ಒಳಗೆ ಬೆಳಕು ಬಿಟ್ಟು ನೋಡಿದರೆ ಬಿಳಿಚಿದ ರೆಟಿನಾದ ನಡುವೆ ಚೆರ್ರಿ ಹಣ್ಣಿನಂತಹ ಕೆಂಪು ಚುಕ್ಕೆ. ಲಂಡನ್ನಿನ ವೈದ್ಯ ವಾರೆನ್ ಟೇ 1881ರಲ್ಲಿ ವರ್ಣಿಸಿದ ಚುಕ್ಕೆ ಇದು. ಒಂದು ಕಿಣ್ವದ ಕೊರತೆಯಿಂದ ಬರುವ ಟೇ-ಸ್ಯಾಕ್ಸ್ ಕಾಯಿಲೆಯ ಹೆಸರಿನ ಮೊದಲ ಅರ್ಧ ಅವರದು. ಈ ಚುಕ್ಕೆಯಿಂದ ಹೊರಟು ಕಾಣೆಯಾದ ಕಿಣ್ವವನ್ನು ತಲುಪುವುದು ಹೇಗೆ?

ಮೊದಲು ಒಂದು ಕಾಗದದಲ್ಲಿ ಅಣುವನ್ನು ಬರೆದುಕೊಳ್ಳಿ. ಸ್ಫಿಂಗೊಸಿನ್ ಎಂಬುದು 18 ಇಂಗಾಲಗಳ ಉದ್ದನೆಯ ಸರಪಳಿ. ಅದರ ಸಾರಜನಕಕ್ಕೆ ಒಂದು ಕೊಬ್ಬಿನಾಮ್ಲ ಅಂಟಿದರೆ ಸೆರಮೈಡ್. ಎರಡು ಬಾಲಗಳಿರುವ ಈ ಸೆರಮೈಡ್ ಜೀವಕೋಶದ ಪೊರೆಯೊಳಗೆ ಹುದುಗಿ ಕುಳಿತಿರುತ್ತದೆ. ಇದರ ತಲೆಗೆ ಗ್ಲೂಕೋಸ್, ಅದರ ಮೇಲೆ ಗ್ಯಾಲಕ್ಟೋಸ್ ಬರೆಯಿರಿ. ಆ ಗ್ಯಾಲಕ್ಟೋಸಿನ ಪಕ್ಕಕ್ಕೆ ಸಿಯಾಲಿಕ್ ಆಮ್ಲ, ಗ್ಯಾಲಕ್ಟೋಸಿನ ಮೇಲ್ತುದಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಇನ್ನೊಂದು ಸಕ್ಕರೆ. ಇದೇ ಜಿಎಂ2 ಗ್ಯಾಂಗ್ಲಿಯೊಸೈಡ್. ನರಕೋಶಗಳಲ್ಲಿ ಗ್ಯಾಂಗ್ಲಿಯೊಸೈಡ್‌ಗಳು ಹೇರಳ.

ಎರಡನೆಯ ಹಂತದಲ್ಲಿ ಇದನ್ನು ಕಳಚಬೇಕು. ಹಳೆಯ ಪೊರೆ ಲೈಸೊಸೋಮ್ ಎಂಬ ಆಮ್ಲೀಯ ಚೀಲಕ್ಕೆ ಬರುತ್ತದೆ. ಅಲ್ಲಿ ಕಿಣ್ವಗಳು ಮಣಿಸರದಿಂದ ಮಣಿ ತೆಗೆದಂತೆ ತುದಿಯಿಂದ ಒಂದೊಂದೇ ಸಕ್ಕರೆಯನ್ನು ತೆಗೆಯುತ್ತವೆ. ತುದಿಯ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ತೆಗೆಯುವುದು ಹೆಕ್ಸೋಸಮಿನಿಡೇಸ್-ಎ. ಆಮೇಲೆ ಸಿಯಾಲಿಕ್ ಆಮ್ಲ, ಗ್ಯಾಲಕ್ಟೋಸ್, ಗ್ಲೂಕೋಸ್ ಸರದಿಯಂತೆ ಹೋಗುತ್ತವೆ. ಕೊನೆಗೆ ಸೆರಮೈಡೇ ಎರಡು ತುಂಡಾಗುತ್ತದೆ. ಪ್ರತಿ ಮಣಿಗೂ ಬೇರೆ ಕಿಣ್ವ, ಹೊರಗಿನದು ಬಿಚ್ಚದೆ ಒಳಗಿನದು ಬಿಚ್ಚುವುದಿಲ್ಲ. ಇಡೀ ವಿಷಯದ ಕೀಲಿ ಇಲ್ಲಿದೆ ಎಂದು ನನಗೆ ಅನಿಸುತ್ತದೆ: ಯಾವುದು ಗುಡ್ಡೆಬಿದ್ದಿದೆ ಎಂದು ಗೊತ್ತಾದರೆ, ಅದರ ತುದಿಯ ಮಣಿಯನ್ನು ತೆಗೆಯಬೇಕಾದ ಕೈ ಕೆಲಸಕ್ಕೆ ಬಂದಿಲ್ಲ ಎಂದರ್ಥ. ಗ್ಲೂಕೋಸ್ ಅಂಟಿದ ಸೆರಮೈಡ್ ಉಳಿದರೆ ಅದು ಗೌಷೆ ಕಾಯಿಲೆ, ಜಿಎಂ2 ಉಳಿದರೆ ಟೇ-ಸ್ಯಾಕ್ಸ್ ಅಥವಾ ಅದರ ಒಡಹುಟ್ಟು ಸ್ಯಾಂಡ್‌ಹಾಫ್.

ಕೆಂಪು ಚುಕ್ಕೆಯ ಗುಟ್ಟೂ ಇದೇ. ರೆಟಿನಾದ ನರಕೋಶಗಳಲ್ಲಿ ಜಿಎಂ2 ತುಂಬಿಕೊಂಡು ಅವು ಬೆಳ್ಳಗಾಗುತ್ತವೆ. ನಟ್ಟನಡುವಿನ ಕುಳಿಯಲ್ಲಿ ಆ ಕೋಶಗಳೇ ಇಲ್ಲದ್ದರಿಂದ ಹಿಂದಿನ ರಕ್ತನಾಳಗಳ ಕೆಂಪು ಹಾಗೆಯೇ ಕಾಣುತ್ತದೆ. ಆದರೆ ಈ ಚುಕ್ಕೆಯೊಂದನ್ನೇ ನಂಬುವಂತಿಲ್ಲ. ಇಂಥದ್ದೇ ಇನ್ನೊಂದು ಕಾಯಿಲೆಯಾದ ನೀಮನ್-ಪಿಕ್‌ನಲ್ಲೂ ಇದು ಬರುತ್ತದೆ. ಆದ್ದರಿಂದ ಹೊಟ್ಟೆ ಮುಟ್ಟಿ ನೋಡಬೇಕು. ನೀಮನ್-ಪಿಕ್‌ನಲ್ಲಿ ಯಕೃತ್ತು, ಗುಲ್ಮ ಊದಿರುತ್ತವೆ, ಟೇ-ಸ್ಯಾಕ್ಸ್‌ನಲ್ಲಿ ಊದುವುದಿಲ್ಲ.

ಮೂರನೆಯದು ರಕ್ತಪರೀಕ್ಷೆ. ಹೆಕ್ಸೋಸಮಿನಿಡೇಸ್‌ಗೆ ಎರಡು ರೂಪಗಳಿವೆ. ‘ಎ’ ರೂಪದಲ್ಲಿ ಒಂದು ಆಲ್ಫಾ ತುಂಡು, ಒಂದು ಬೀಟಾ ತುಂಡು. ‘ಬಿ’ ರೂಪದಲ್ಲಿ ಎರಡೂ ಬೀಟಾ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಕಾಲ ಇಟ್ಟರೆ ‘ಎ’ ಕೆಡುತ್ತದೆ, ‘ಬಿ’ ತಾಳಿಕೊಳ್ಳುತ್ತದೆ. ಕಿಣ್ವ ಕತ್ತರಿಸಿದಾಗ ಹೊಳೆಯುವ ಕೃತಕ ವಸ್ತುವೊಂದನ್ನು ಬೆರೆಸಿ, ಕಾಯಿಸುವ ಮೊದಲು ಮತ್ತು ನಂತರ ಹೊಳಪನ್ನು ಅಳೆಯುತ್ತಾರೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಆರೋಗ್ಯವಂತ ಮಗುವಿನಲ್ಲಿ 100 ಇದ್ದದ್ದು ಕಾಯಿಸಿದ ಮೇಲೆ 40 ಆಯಿತು, ಹೋದ 60 ‘ಎ’. ನಮ್ಮ ಮಗುವಿನಲ್ಲಿ 100 ಇದ್ದದ್ದು 98 ಉಳಿಯಿತು. ‘ಎ’ ಇಲ್ಲವೆಂದೇ ಹೇಳಬೇಕು, ಆಲ್ಫಾ ಕೈಕೊಟ್ಟಿದೆ, ಟೇ-ಸ್ಯಾಕ್ಸ್. ಕಾಯಿಸುವ ಮೊದಲೇ ಎಣಿಕೆ ತಳ ಕಂಡಿದ್ದರೆ ಬೀಟಾ ಕೆಟ್ಟಿದೆ, ಎರಡೂ ರೂಪಗಳು ಹೋಗಿವೆ: ಅದು ಸ್ಯಾಂಡ್‌ಹಾಫ್.

ಎಡವುವುದೂ ಇದೇ ಪರೀಕ್ಷೆಯಲ್ಲಿ. ಕೆಲವು ಮಕ್ಕಳ ‘ಎ’ ಕಿಣ್ವ ಕೃತಕ ವಸ್ತುವನ್ನು ಕತ್ತರಿಸುತ್ತದೆ, ನಿಜವಾದ ಜಿಎಂ2ವನ್ನು ಕತ್ತರಿಸಲಾರದು. ವರದಿ ಸರಿಯಾಗಿಯೇ ಬರುತ್ತದೆ, ಮಗು ಮಾತ್ರ ಕುಸಿಯುತ್ತಿರುತ್ತದೆ. ಆಗ ಆಲ್ಫಾ ತುಂಡು ಮಾತ್ರ ಕತ್ತರಿಸಬಲ್ಲ, ಸಲ್ಫೇಟ್ ಸೇರಿಸಿದ ವಸ್ತುವಿನಲ್ಲಿ ಮತ್ತೆ ಅಳೆಯಬೇಕು. ಇನ್ನೂ ಅಪರೂಪಕ್ಕೆ ಕಿಣ್ವ ಚೆನ್ನಾಗಿಯೇ ಇದ್ದು, ಜಿಎಂ2ವನ್ನು ಪೊರೆಯಿಂದ ಎತ್ತಿ ಅದರ ಬಾಯಿಗೆ ಕೊಡುವ ಸಹಾಯಕ ಪ್ರೋಟೀನು ಇರುವುದಿಲ್ಲ. ಆಗ ಎರಡೂ ಅಳತೆಗಳು ಸುಳ್ಳು ಭರವಸೆ ಕೊಡುತ್ತವೆ. ಜೀನ್ ಓದುವುದೇ ದಾರಿ.

ಕೊನೆಗೆ ತಂದೆ ತಾಯಿ. ಇಬ್ಬರಲ್ಲೂ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವುದರಿಂದ ಕಿಣ್ವ ಸುಮಾರು ಅರ್ಧ ಇರುತ್ತದೆ, ಅಷ್ಟೇ ಸಾಕಾಗುವುದರಿಂದ ಅವರಿಗೆ ಯಾವ ತೊಂದರೆಯೂ ಇಲ್ಲ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆ ಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾದಾಗ ಒಂದೇ ತಪ್ಪು ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಗುಜರಾತ್ ಮೂಲದ ಕುಟುಂಬಗಳಲ್ಲಂತೂ ಈ ಜೀನಿನ ಒಂದೇ ತಪ್ಪು ಮತ್ತೆ ಮತ್ತೆ ಕಂಡುಬಂದಿದೆ.

ಗೌಷೆ ಕಾಯಿಲೆಗೆ ಕಿಣ್ವವನ್ನೇ ರಕ್ತನಾಳದ ಮೂಲಕ ಕೊಡುತ್ತಾರೆ, ಯಕೃತ್ತು, ಗುಲ್ಮ ಇಳಿಯುತ್ತವೆ. ಟೇ-ಸ್ಯಾಕ್ಸ್‌ಗೆ ಹಾಗೆ ಕೊಟ್ಟರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಶೈಶವದಲ್ಲಿ ಶುರುವಾದ ಟೇ-ಸ್ಯಾಕ್ಸ್ ಮಕ್ಕಳು ಸಾಮಾನ್ಯವಾಗಿ ಐದು ವರ್ಷ ದಾಟುವುದಿಲ್ಲ. ಅದಕ್ಕೇ ಮಗು ಇರುವಾಗಲೇ ಅದರ ಡಿಎನ್‌ಎ ತೆಗೆದಿಡಿಸಿ, ತಪ್ಪು ಎಲ್ಲಿದೆ ಎಂಬ ವರದಿಯನ್ನು ಕೈಗೆ ಪಡೆದುಕೊಳ್ಳಿ. ಮುಂದಿನ ಬಸಿರಿನ ಹನ್ನೊಂದನೇ ವಾರದ ಹೊತ್ತಿಗೆ ಮಾಸುವಿನ ಚೂರು ತೆಗೆದು ಪರೀಕ್ಷಿಸುವವರು ಕೇಳುವ ಮೊದಲ ಕಾಗದ ಅದು.