ಆಫ್‌ಲೈನ್ ಯಕ್ಷಗಾನ ನಿಂತುಹೋದದ್ದು, ಮತ್ತೆ ನಡೆದದ್ದು

ಸಿಗ್ನಲ್ ಸಿಗದ ಶೃಂಗೇರಿ ಕಡೆಯ ಹಳ್ಳಿಯಲ್ಲಿರುವ ಅಜ್ಜನಿಗೆ ತೋರಿಸಲೆಂದು, ಯೂಟ್ಯೂಬ್ ಆ್ಯಪ್‌ನಲ್ಲಿ ಚಂದಾ ಇಲ್ಲದ ಖಾತೆಯಿಂದ ಮೂರು ಯಕ್ಷಗಾನ ಪ್ರಸಂಗಗಳ ವಿಡಿಯೊಗಳನ್ನು ಶುಕ್ರವಾರ ಬೆಳಿಗ್ಗೆ ಫೋನಿಗೆ ಇಳಿಸಿಕೊಂಡು ಹೊರಟಿದ್ದೆ. ನಾಲ್ಕನೆಯದರ ಕೆಳಗಿದ್ದ ಡೌನ್‌ಲೋಡ್ ಗುಂಡಿ ಮಾತ್ರ ಮಸುಕಾಗಿತ್ತು; ಆ ವಿಡಿಯೊಗೆ ಆಫ್‌ಲೈನ್ ಅನುಮತಿ ಇಲ್ಲವೆಂದು ಅದರ ಅರ್ಥವಾದ್ದರಿಂದ ಅದನ್ನು ಬಿಟ್ಟೆ. ಉಳಿದವನ್ನು ಏರ್‌ಪ್ಲೇನ್ ಮೋಡ್‌ನಲ್ಲಿ ಪರೀಕ್ಷಿಸಿದಾಗ ಚೆನ್ನಾಗಿಯೇ ನಡೆದವು.

ಭಾನುವಾರ ಮಧ್ಯಾಹ್ನ ಅಜ್ಜ ಕನ್ನಡಕ ಹಾಕಿಕೊಂಡು ಕುಳಿತಾಗ ಒಂದೂ ತೆರೆಯಲಿಲ್ಲ. ಫೋನ್ ಕೆಟ್ಟಿದೆಯೆಂದುಕೊಂಡು ಎಲ್ಲವನ್ನೂ ಅಳಿಸಲು ಹೊರಟಿದ್ದೆ, ಅಳಿಸದಿದ್ದದ್ದೇ ಒಳ್ಳೆಯದಾಯಿತು. ಕಡತಗಳು ಫೋನಿನಲ್ಲೇ ಇದ್ದವು, ತೀರಿದ್ದು ಅವುಗಳ ಪರವಾನಗಿಯ ಅವಧಿ. ಆ ಆ್ಯಪ್‌ನಲ್ಲಿ ಚಂದಾ ಇಲ್ಲದವರು 48 ಗಂಟೆಗೊಮ್ಮೆಯಾದರೂ ಅಂತರ್ಜಾಲಕ್ಕೆ ಸೇರಬೇಕೆಂಬ ನಿಯಮವನ್ನು ನಾನು ಓದಿರಲಿಲ್ಲ. ಏರ್‌ಪ್ಲೇನ್ ಮೋಡ್‌ನ ಪರೀಕ್ಷೆ ಕಡತ ಪೂರ್ತಿ ಇಳಿದಿದೆಯೇ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ದಿನ ಬಾಳುತ್ತದೆಂಬುದನ್ನಲ್ಲ.

ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಬಳಿ ಒಂದೆರಡು ಗೆರೆ ಸಿಗ್ನಲ್ ಬಂದಾಗ, ಅದೇ ಖಾತೆಯಲ್ಲಿದ್ದುಕೊಂಡೇ ಆ್ಯಪ್ ತೆರೆದು ಡೌನ್‌ಲೋಡ್ ಪುಟದಲ್ಲಿ ಒಂದೆರಡು ನಿಮಿಷ ಕಾದೆ. ಅನುಮತಿ ನವೀಕರಣಕ್ಕೆ ಬೇಕಾಗುವ ಡೇಟಾ ಅತ್ಯಲ್ಪವಾದ್ದರಿಂದ, ವಿಡಿಯೊಗಳನ್ನು ಮತ್ತೆ ಇಳಿಸದೆಯೇ ಮೂರೂ ತೆರೆದುಕೊಂಡವು. ಆದರೆ ಪ್ರಕಟಿಸಿದವರೇ ವಿಡಿಯೊ ತೆಗೆದುಹಾಕಿದ್ದರೆ ಹೀಗೆ ಸಂಪರ್ಕಿಸಿದಾಗ ನಮ್ಮ ಪ್ರತಿಯೂ ಹೋಗುತ್ತದೆ; ಆ್ಯಪ್ ಅನ್ನೇ ತೆಗೆದುಹಾಕಿದರೂ ಪ್ರತಿಗಳು ಉಳಿಯುವುದಿಲ್ಲ.

ಈಗ ಹಳ್ಳಿಗೆ ಹೋದಾಗ ಎರಡನೆಯ ದಿನ ಸಂಜೆ ಟ್ಯಾಂಕಿನವರೆಗೆ ನಡೆದು ಬರುತ್ತೇನೆ.