ಸಿಂಕ್‌ಥಿಂಗ್‌ನ ಸಂಘರ್ಷ ಪ್ರತಿ: ಎರಡು ಪದಪಟ್ಟಿಗಳನ್ನು ಒಂದು ಮಾಡಿದ ಬಗೆ

ಅನುವಾದದ ಕೆಲಸಕ್ಕಾಗಿ ನಾನು ಇಟ್ಟುಕೊಂಡಿರುವ ಪದಪಟ್ಟಿ ಮನೆಯ ಡೆಸ್ಕ್‌ಟಾಪ್‌ನಲ್ಲಿಯೂ ಲ್ಯಾಪ್‌ಟಾಪ್‌ನಲ್ಲಿಯೂ ಇದ್ದು, ಎರಡನ್ನೂ ಒಂದೇ ರೂಪದಲ್ಲಿಡಲು ನಡುವೆ ಸಿಂಕ್‌ಥಿಂಗ್ ಎಂಬ ತಂತ್ರಾಂಶ ಓಡುತ್ತದೆ. ಒಮ್ಮೆ ಡೆಸ್ಕ್‌ಟಾಪ್‌ನಲ್ಲಿ ಸಂಜೆ ಕೆಲವು ಹೊಸ ಪದಗಳನ್ನು ಸೇರಿಸಿದೆ. ಅದೇ ರಾತ್ರಿ ರೈಲಿನಲ್ಲಿ, ನೆಟ್‌ವರ್ಕ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ, ಹಳೆಯ ಕೆಲವು ಪದಗಳನ್ನು ತೆಗೆದು ಹಾಕಿದೆ. ಎರಡೂ ಯಂತ್ರಗಳು ಮತ್ತೆ ಸಂಪರ್ಕಕ್ಕೆ ಬಂದಾಗ ಫೋಲ್ಡರ್‌ನಲ್ಲಿ ಎರಡು ಫೈಲುಗಳಿದ್ದವು:

```
padapatti.csv
padapatti.sync-conflict-20240612-091503-K7QZ3LM.csv
```

ಎರಡನೆಯದು ಸಂಘರ್ಷ ಪ್ರತಿ. ಇಂಥ ಪ್ರತಿ ಹುಟ್ಟುವುದಕ್ಕೆ ಗಡಿಯಾರ ಕಾರಣವಲ್ಲ. ಪ್ರತಿ ಫೈಲಿಗೂ ಯಾವ ಯಂತ್ರ ಎಲ್ಲಿಯವರೆಗೆ ಬದಲಿಸಿದೆ ಎಂಬ ಲೆಕ್ಕವನ್ನು ಸಿಂಕ್‌ಥಿಂಗ್ ಇಟ್ಟಿರುತ್ತದೆ. ಒಂದು ಯಂತ್ರದ ಬದಲಾವಣೆಯನ್ನು ಇನ್ನೊಂದು ಕಾಣದೆಯೇ ತಾನೂ ಬದಲಿಸಿದ್ದರೆ, ಯಾವುದೂ ಇನ್ನೊಂದರ ಮುಂದುವರಿಕೆಯಲ್ಲವೆಂದು ಈ ಲೆಕ್ಕದಿಂದಲೇ ಅದಕ್ಕೆ ತಿಳಿಯುತ್ತದೆ. ಯಾವುದು ಮೂಲ ಹೆಸರನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನಕ್ಕೆ ಮಾತ್ರ ಬದಲಾವಣೆಯ ವೇಳೆಯನ್ನು ನೋಡುತ್ತದೆ. ಹಳೆಯ ವೇಳೆಯ ಫೈಲಿಗೆ ಹೆಸರು ಬದಲಾಗುತ್ತದೆ, ಆದ್ದರಿಂದ ನನ್ನ ಡೆಸ್ಕ್‌ಟಾಪ್‌ನ ಆವೃತ್ತಿ ಸಂಘರ್ಷ ಪ್ರತಿಯಾಯಿತು. ಒಂದು ಯಂತ್ರದ ಗಡಿಯಾರ ತಪ್ಪಾಗಿದ್ದರೆ ಹಳೆಯ ಪಠ್ಯವೇ ಮೂಲ ಹೆಸರಿನಲ್ಲಿ ಉಳಿದುಬಿಡಬಹುದು. ಹೆಸರಿನೊಳಗಿನ ದಿನಾಂಕ, ವೇಳೆಗಳು ಸಂಘರ್ಷ ಪತ್ತೆಯಾದ ಕ್ಷಣದವು, ನಾವು ಬರೆದ ಕ್ಷಣದವಲ್ಲ. ಹೀಗಾಗಿ ಹೆಸರು ನೋಡಿ ಯಾವುದನ್ನೂ ಅಳಿಸದೆ, ಎರಡನ್ನೂ ತೆರೆದು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತೆರೆದು ಹೋಲಿಸಿದರೂ ಒಂದು ತೊಡಕು ಉಳಿಯುತ್ತದೆ. ಒಂದು ಪದ ಡೆಸ್ಕ್‌ಟಾಪ್‌ನ ಪ್ರತಿಯಲ್ಲಿ ಮಾತ್ರ ಕಂಡರೆ, ಅದು ಅಲ್ಲಿ ಹೊಸದಾಗಿ ಸೇರಿದ್ದೋ ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದೋ ಎಂದು ಎರಡೇ ಫೈಲುಗಳಿಂದ ಹೇಳಲಾಗದು. ಅದಕ್ಕೆ ಎರಡೂ ಕವಲೊಡೆಯುವ ಮುಂಚಿನ ಮೂರನೆಯ ಪ್ರತಿ ಬೇಕು. ಸಿಂಕ್‌ಥಿಂಗ್ ಹಳೆಯ ರೂಪಗಳನ್ನು ಇಡುವ `.stversions` ಫೋಲ್ಡರ್ ಇದಕ್ಕೆ ಸಾಲದು, ಏಕೆಂದರೆ ಬೇರೆ ಯಂತ್ರದಿಂದ ಬಂದ ಬದಲಾವಣೆಗೆ ಮುಂಚಿನದನ್ನು ಮಾತ್ರ ಅದು ಉಳಿಸುತ್ತದೆ. ನಾವೇ ಅಲ್ಲಿ ಕುಳಿತು ತಿದ್ದಿದ ಫೈಲಿನ ಹಳೆಯ ರೂಪವನ್ನಲ್ಲ. ನಾನು ಆ ಸಂಜೆಗೂ ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಆ ಪ್ರತಿಯನ್ನು ತೆಗೆದುಕೊಂಡೆ. ಮೂರನ್ನೂ ಸಿಂಕ್ ಆಗದ ಬೇರೊಂದು ಫೋಲ್ಡರ್‌ಗೆ ನಕಲಿಸಿ, ಚಿಕ್ಕ ಹೆಸರು ಕೊಟ್ಟು, ಹೀಗೆ ಕೂಡಿಸಿದೆ:

```
git merge-file -p desk.csv base.csv lap.csv > hosa.csv
```

ಪಟ್ಟಿ ಅಕಾರಾದಿಯಾಗಿದ್ದು ಬದಲಾವಣೆಗಳು ದೂರದೂರದಲ್ಲಿ ಬಿದ್ದಿದ್ದರಿಂದ ಸೇರಿಸಿದ ಪದಗಳು ಉಳಿದು, ತೆಗೆದವು ಹೋದವು. ಎರಡೂ ಕಡೆ ಒಂದೇ ಸಾಲನ್ನು ಅಥವಾ ಅಕ್ಕಪಕ್ಕದ ಸಾಲುಗಳನ್ನು ತಿದ್ದಿದ್ದರೆ ಆ ಜಾಗದಲ್ಲಿ `<<<<<<<` ಗುರುತು ಬರುತ್ತದೆ, ಅದನ್ನು ಕೈಯಿಂದಲೇ ಬಗೆಹರಿಸಬೇಕು. ಹೊಸ ಫೈಲನ್ನು ಓದಿ ನೋಡಿ, ಮೂಲ ಹೆಸರಿನಲ್ಲಿ ಇರಿಸಿ, ಸಂಘರ್ಷ ಪ್ರತಿಯನ್ನು ಒಂದು ಯಂತ್ರದಲ್ಲಿ ಅಳಿಸಿದೆ. ಆ ಪ್ರತಿಯೂ ಸಾಮಾನ್ಯ ಫೈಲಿನಂತೆ ಸಿಂಕ್ ಆಗುವುದರಿಂದ ಇನ್ನೊಂದರಲ್ಲಿಯೂ ತಾನಾಗಿ ಅಳಿಯಿತು. ಈ ವಿಧಾನ ಸರಳ ಪಠ್ಯದ ಫೈಲುಗಳಿಗೆ ಮಾತ್ರ. `.odt` ಕಡತಗಳಿಗೆ ಲಿಬ್ರೆ ಆಫೀಸ್‌ನಲ್ಲಿರುವ ಕಡತ ಹೋಲಿಕೆಯ ಸೌಲಭ್ಯವನ್ನೇ ಬಳಸುತ್ತೇನೆ.

ಸಿಂಕ್‌ಥಿಂಗ್‌ಗೆ ನಡುವೆ ಫೈಲುಗಳನ್ನು ಇಟ್ಟುಕೊಳ್ಳುವ ಸರ್ವರ್ ಇಲ್ಲದ ಕಾರಣ, ಎರಡೂ ಯಂತ್ರಗಳು ಒಂದೇ ಹೊತ್ತಿಗೆ ಚಾಲೂ ಇಲ್ಲದಿದ್ದರೆ ಬದಲಾವಣೆ ದಾಟುವುದೇ ಇಲ್ಲ. ಆದ್ದರಿಂದ ಸದಾ ಚಾಲೂ ಇರುವ ಹಳೆಯ ಕಂಪ್ಯೂಟರೊಂದನ್ನು ಮೂರನೆಯ ಯಂತ್ರವಾಗಿ ಸೇರಿಸಿದ್ದೇನೆ. ಲ್ಯಾಪ್‌ಟಾಪ್ ಮುಚ್ಚುವ ಮುನ್ನ ಫೋಲ್ಡರ್‌ನ ಎದುರೂ ಆ ಮೂರನೆಯ ಯಂತ್ರದ ಎದುರೂ `Up to Date` ಎಂದು ಬರುವವರೆಗೆ ಕಾಯುತ್ತೇನೆ, ಮತ್ತು ವಾರಕ್ಕೊಮ್ಮೆ ಈ ಆದೇಶದಿಂದ ಕಣ್ತಪ್ಪಿದ ಪ್ರತಿಗಳನ್ನು ಹುಡುಕುತ್ತೇನೆ:

```
find ~/kelasa -name '*.sync-conflict-*'
```