ಅಡ್ಡ ವಿಡಿಯೊವನ್ನು ರೀಲ್ಸ್‌ಗೆ ಕತ್ತರಿಸುವಾಗ ವೇಷಧಾರಿಯ ಕೈ ಉಳಿಯಲಿ

ಆಟದ ಸೀಸನ್ ಬಂತೆಂದರೆ ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಯಕ್ಷಗಾನದ ತುಣುಕುಗಳು ಸುರಿಯುತ್ತವೆ. ಟ್ರೈಪಾಡ್ ಮೇಲೆ ಅಡ್ಡಲಾಗಿ ಹಿಡಿದ ಒಳ್ಳೆಯ ವಿಡಿಯೊವನ್ನು ರೀಲ್ಸ್‌ಗೆಂದು ಉದ್ದಕ್ಕೆ ತಿರುಗಿಸುವಾಗ ಹಾಳು ಮಾಡಿರುತ್ತಾರೆ. ಅಭಿಮನ್ಯು ಗಿರಕಿ ಹೊಡೆಯುವಾಗ ಎರಡೂ ಕೈಗಳು ಮೊಣಕೈಗೇ ತುಂಡಾಗಿರುತ್ತವೆ, ಇಲ್ಲವೇ ಚೌಕಟ್ಟು ಅವನ ಹಿಂದೆ ಓಡಿ ಓಡಿ ನೋಡುವವರಿಗೆ ತಲೆ ಸುತ್ತುತ್ತದೆ. ಇನ್ನು ಕೆಲವರು ಇಡೀ ಚಿತ್ರವನ್ನು ಹಿಂಡಿ ಕೂರಿಸುತ್ತಾರೆ. ಆಗ ವೇಷಧಾರಿ ಕಡ್ಡಿಯಂತೆ ಕಾಣುತ್ತಾನೆ. ತಿಂಗಳುಗಟ್ಟಲೆ ಕಲಿತ ಹೆಜ್ಜೆಯನ್ನು ಹೀಗೆ ತೋರಿಸುವುದು ನನಗೆ ಸಹಿಸಲಾಗದ ಸಂಗತಿ. ಆದ್ದರಿಂದ ಕೆಲಸವನ್ನು ಮೊದಲಿನಿಂದ ಹೇಳುತ್ತೇನೆ.

ಒಂದು: ಎಷ್ಟು ಉಳಿಯುತ್ತದೆ ಎಂದು ತಿಳಿಯಿರಿ

ಸಾಮಾನ್ಯ ಫುಲ್ ಎಚ್‌ಡಿ ವಿಡಿಯೊ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ ಇರುತ್ತದೆ. ಅದೇ 16:9. ರೀಲ್ಸ್, ಶಾರ್ಟ್ಸ್, ಸ್ಟೇಟಸ್‌ಗಳಿಗೆ ಬೇಕಾದದ್ದು ಇದರ ತಲೆಕೆಳಗು, 9:16. ಎತ್ತರವನ್ನು ಪೂರ್ತಿ ಉಳಿಸಿಕೊಂಡು ಎಡಬಲವನ್ನು ಕತ್ತರಿಸಿದರೆ ನಿಮಗೆ ದಕ್ಕುವ ಅಗಲ 608 ಪಿಕ್ಸೆಲ್. ಲೆಕ್ಕಕ್ಕೆ 607.5 ಬರುತ್ತದೆ, ಆದರೆ ವಿಡಿಯೊದ ಅಗಲ ಸಮಸಂಖ್ಯೆಯಲ್ಲಿರುವುದು ಕ್ಷೇಮ. ಅಂದರೆ ರಂಗಸ್ಥಳದ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಭಾಗವತರೂ ಚಂಡೆಯವರೂ ವೇಷವೂ ಒಟ್ಟಿಗೆ ಇರಲಿ ಎಂಬ ಆಸೆಯನ್ನು ಇಲ್ಲಿಯೇ ಬಿಡಬೇಕು.

ಉಳಿದ 608 ಪಿಕ್ಸೆಲ್ ಅನ್ನು 1080ಕ್ಕೆ ಹಿಗ್ಗಿಸಬೇಕಾಗುತ್ತದೆ. ಅದು ಒಂದೂಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚು. ಮುಖ ಸ್ವಲ್ಪ ಮಸುಕಾಗುವುದು ಇದರಿಂದಲೇ. ಇದರ ಮೇಲೆ ಇನ್ನಷ್ಟು ಝೂಮ್ ಮಾಡಿದರೆ ಬಣ್ಣಗಾರಿಕೆಯ ಸೂಕ್ಷ್ಮ ಗೆರೆಗಳು ಕಲಸಿಹೋಗುತ್ತವೆ, ಮಾಡಬೇಡಿ. ಮುಂದಿನ ಆಟಕ್ಕೆ ಫೋನ್‌ನಲ್ಲಿ 4ಕೆ ಇಟ್ಟು ಚಿತ್ರೀಕರಿಸಿ. ಆಗ ಕತ್ತರಿಸಿದ ಪಟ್ಟಿಯೇ 1215 ಪಿಕ್ಸೆಲ್ ಅಗಲ ಇರುವುದರಿಂದ ಹಿಗ್ಗಿಸುವ ಮಾತೇ ಬರುವುದಿಲ್ಲ.

ಎರಡು: ಕತ್ತರಿಸುವ ಮೊದಲು ಅತಿ ಅಗಲದ ಕ್ಷಣವನ್ನು ಅಳೆಯಿರಿ

ಹೆಚ್ಚಿನವರು ತಪ್ಪುವುದು ಇಲ್ಲಿ. ಮೊದಲ ಸೆಕೆಂಡಿನಲ್ಲಿ ವೇಷಧಾರಿ ಸುಮ್ಮನೆ ನಿಂತಿರುತ್ತಾನೆ, ಅವನಿಗೆ ಸರಿಯಾಗಿ ಚೌಕಟ್ಟು ಹೊಂದಿಸಿ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಾರೆ. ಹತ್ತನೆಯ ಸೆಕೆಂಡಿನಲ್ಲಿ ಅವನು ಕೈ ಚಾಚಿದಾಗ ಚೌಕಟ್ಟು ಸಾಲುವುದಿಲ್ಲ. ನಿಂತ ಭಂಗಿಗೆ ಚೌಕಟ್ಟು ಹಾಕಬಾರದು, ಚಾಚಿದ ಭಂಗಿಗೆ ಹಾಕಬೇಕು.

ತುಣುಕನ್ನು ಒಮ್ಮೆ ನಿಧಾನವಾಗಿ ಓಡಿಸಿ, ದೇಹ ಅತ್ಯಂತ ಅಗಲವಾಗುವ ಕ್ಷಣದಲ್ಲಿ ನಿಲ್ಲಿಸಿ. ಆ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಯಾವುದಾದರೂ ಚಿತ್ರ ತಿದ್ದುವ ತಂತ್ರಾಂಶದಲ್ಲಿ 1920 ಅಗಲಕ್ಕೆ ಹೊಂದಿಸಿದರೆ ಮೌಸ್ ಇಟ್ಟ ಜಾಗದ ಅಂಕಿ ಸಿಗುತ್ತದೆ. ಎಡಗೈ ಬೆರಳ ತುದಿ ಎಲ್ಲಿ, ಬಲಗೈ ಬೆರಳ ತುದಿ ಎಲ್ಲಿ ಎಂದು ಬರೆದಿಟ್ಟುಕೊಳ್ಳಿ. ಕೈಯಲ್ಲಿ ಬಿಲ್ಲಿದ್ದರೆ ಬಿಲ್ಲಿನ ತುದಿಯವರೆಗೆ ಅಳೆಯಬೇಕು.

ನಾನು ಬಯಲಾಟವೊಂದರಲ್ಲಿ ಹಿಡಿದ ಬಡಗುತಿಟ್ಟಿನ ಅಭಿಮನ್ಯುವಿನ ತುಣುಕನ್ನೇ ನೋಡೋಣ. ಕೇದಗೆ ಮುಂದಲೆಯ ಪುಂಡುವೇಷ. ಮೊದಲ ಐದು ಸೆಕೆಂಡುಗಳಲ್ಲಿ ಎಡಗಡೆಯಿಂದ ಬಂದು ನಡುವಿಗೆ ನಿಲ್ಲುತ್ತಾನೆ. ಆಮೇಲೆ ಕೈ ಚಾಚಿ ಒಂದು ಸುತ್ತು, ಕೂಡಲೇ ಮಂಡಿ ಕುಣಿತ. ಕೈ ಚಾಚಿದಾಗ ಅವನ ಅಗಲ 560 ಪಿಕ್ಸೆಲ್. ಮಂಡಿಯಲ್ಲಿ ಎಡಕ್ಕೂ ಬಲಕ್ಕೂ ಸರಿಯುತ್ತಾನೆ, ಆದರೆ ಆಗ ಕೈಗಳು ಮಡಚಿರುತ್ತವೆ. ಸುತ್ತು, ಮಂಡಿ ಎರಡನ್ನೂ ಸೇರಿಸಿ ಅಳೆದಾಗ ಎಡತುದಿ 670, ಬಲತುದಿ 1250. ಒಟ್ಟು 580. ನಮ್ಮ ಪಟ್ಟಿ 608. ಎರಡೂ ಬದಿ ಹದಿನಾಲ್ಕು ಪಿಕ್ಸೆಲ್ ಉಳಿಯಿತು. ಬಿಗಿ ಎನ್ನಿಸಿದರೂ ಸಾಕು.

ಅಳತೆ 608 ದಾಟಿದ್ದರೆ 9:16ರ ಹಟ ಬಿಡಿ. 4:5ಕ್ಕೆ ಕತ್ತರಿಸಿದರೆ 864 ಪಿಕ್ಸೆಲ್ ಅಗಲ ಸಿಗುತ್ತದೆ, ಇನ್‌ಸ್ಟಾಗ್ರಾಂನ ಫೀಡ್‌ಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಪರದೆ ತುಂಬಲಿಲ್ಲ ಎಂಬ ಕೊರತೆಗಿಂತ ಕೈ ತುಂಡಾದ ಕೊರತೆ ದೊಡ್ಡದು. ಅಡ್ಡ ವಿಡಿಯೊವನ್ನು ನಡುವೆ ಚಿಕ್ಕದಾಗಿ ಕೂರಿಸಿ ಮೇಲೆ ಕೆಳಗೆ ಅದೇ ಚಿತ್ರವನ್ನು ಮಬ್ಬುಮಾಡಿ ತುಂಬುವ ಫೋನ್ ಆ್ಯಪ್‌ಗಳಿವೆ. ಅವುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ವೇಷ ಹೆಬ್ಬೆರಳಿನಷ್ಟಾಗುತ್ತದೆ, ಮಬ್ಬಿನಲ್ಲಿ ಓಡಾಡುವ ಬಣ್ಣಗಳು ಕಣ್ಣನ್ನು ಎಳೆಯುತ್ತವೆ. ಅವುಗಳಲ್ಲಿ ಹಲವು ಮೂಲೆಯಲ್ಲಿ ತಮ್ಮ ಮುದ್ರೆಯನ್ನೂ ಒತ್ತುತ್ತವೆ.

ಮೂರು: ಉದ್ದ ಟೈಮ್‌ಲೈನ್ ತೆರೆಯಿರಿ

ನಾನು ಬಳಸುವುದು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ತಿದ್ದುವ ತಂತ್ರಾಂಶದ ಉಚಿತ ಆವೃತ್ತಿ. ಪ್ರಾಜೆಕ್ಟ್ ಸೆಟಿಂಗ್ಸ್‌ನಲ್ಲಿ ಟೈಮ್‌ಲೈನ್ ಅಳತೆಯನ್ನು 1080 x 1920 ಮಾಡಿ. ಅಲ್ಲಿಯೇ Image Scaling ಒಳಗೆ Scale full frame with crop ಆಯ್ದುಕೊಳ್ಳಿ. Stretch ಎಂಬುದನ್ನು ಮುಟ್ಟಲೇಬೇಡಿ, ವೇಷವನ್ನು ಹಿಂಡುವುದು ಅದೇ.

ನಾಲ್ಕು: ಚೌಕಟ್ಟನ್ನು ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಸರಿಸಿ

ಇದೇ ಕಷ್ಟದ ಘಟ್ಟ. ವೇಷ ಎಡಕ್ಕೆ ಹೋದಾಗ ಎಡಕ್ಕೆ, ಬಲಕ್ಕೆ ಹೋದಾಗ ಬಲಕ್ಕೆ ಎಂದು ಹೊಸಬರು ಚೌಕಟ್ಟನ್ನು ಕಟ್ಟಿ ಎಳೆಯುತ್ತಾರೆ. ನನಗೆ ತಿದ್ದಲು ಕೊಟ್ಟ ಒಂದು ಅರ್ಧ ನಿಮಿಷದ ತುಣುಕಿನಲ್ಲಿ ಚೌಕಟ್ಟು ಯಾವ ಕ್ಷಣದಲ್ಲಿ ಎಲ್ಲಿರಬೇಕೆಂದು ಹೇಳುವ ಗುರುತುಗಳು, ಅಂದರೆ ಕೀಫ್ರೇಮ್‌ಗಳು, ಹನ್ನೊಂದಿದ್ದವು. ಅದರಲ್ಲಿ ಕುಣಿತವೇ ಕಾಣುತ್ತಿರಲಿಲ್ಲ. ಚೌಕಟ್ಟು ವೇಷದ ಜೊತೆಗೇ ಸರಿದರೆ ವೇಷ ಪರದೆಯ ನಡುವೆ ನಿಂತೇ ಇರುತ್ತದೆ, ಹಿಂದಿನ ಪರದೆಯೂ ಚಂಡೆಯವರೂ ಅತ್ತಿತ್ತ ಜಾರುತ್ತಾರೆ. ಸರಿಯುವ ಹೆಜ್ಜೆಯನ್ನು ನೋಡಲು ನೆಲ ನಿಂತಿರಬೇಕು. ಹಾಗಾಗಿ ಗಿರಕಿ, ಮಂಡಿ ಇರುವಲ್ಲಿ ಚೌಕಟ್ಟನ್ನು ಕದಲಿಸಬೇಡಿ. ಎರಡನೆಯ ಹಂತದಲ್ಲಿ ಅಳೆದದ್ದು ಈ ಧೈರ್ಯಕ್ಕಾಗಿಯೇ: 580 ಪಿಕ್ಸೆಲ್ ಒಳಗೆ ಎಲ್ಲವೂ ಮುಗಿಯುತ್ತದೆ ಎಂದು ಗೊತ್ತಿರುವಾಗ ಹಿಂಬಾಲಿಸುವ ಅಗತ್ಯವೇ ಇಲ್ಲ.

ನನ್ನ ತುಣುಕಿನಲ್ಲಿ ಚೌಕಟ್ಟನ್ನು ಸರಿಸಬೇಕಾದದ್ದು ಪ್ರವೇಶದ ಐದು ಸೆಕೆಂಡುಗಳಲ್ಲಿ ಮಾತ್ರ. ಆರಂಭದಲ್ಲಿ ಅಭಿಮನ್ಯುವಿನ ನಡು 500ರಲ್ಲಿದೆ, ರಂಗದ ನಡು 960. ಇವುಗಳ ಅಂತರ 460. ರಿಸಾಲ್ವ್‌ನಲ್ಲಿ ಚಿತ್ರ ಆಗಲೇ 1.78 ಪಟ್ಟು ಹಿಗ್ಗಿರುವುದರಿಂದ ಅಂತರವನ್ನೂ ಅಷ್ಟರಿಂದ ಗುಣಿಸಬೇಕು; ಸುಮಾರು 818 ಬರುತ್ತದೆ. Inspector ಫಲಕದ Position X ನಲ್ಲಿ 818 ಬರೆದು ಪಕ್ಕದ ವಜ್ರದ ಗುರುತನ್ನು ಒತ್ತಿದರೆ ಮೊದಲ ಕೀಫ್ರೇಮ್ ಆಯಿತು. ವೇಷ ನಡುವಿಗೆ ಬಂದಲ್ಲಿ 0 ಬರೆದು ಇನ್ನೊಂದು. ಈ ಅಂಕಿ ಯಾವ ಕಡೆಗೂ 1166 ದಾಟುವಂತಿಲ್ಲ. ದಾಟಿದರೆ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ.

ಸಮಯದ ಬಗ್ಗೆ ಒಂದು ಮಾತು. ವೇಷಕ್ಕಿಂತ ಮೊದಲೇ ಚೌಕಟ್ಟು ಹೊರಡಬಾರದು. ವೇಷ ಹೆಜ್ಜೆ ಎತ್ತಿ ಅರ್ಧ ಸೆಕೆಂಡಿನ ಮೇಲೆ ಚೌಕಟ್ಟು ಹೊರಡಲಿ, ವೇಷ ನಿಂತ ಮೇಲೆ ಅರ್ಧ ಸೆಕೆಂಡಿಗೆ ನಿಲ್ಲಲಿ. ಎರಡೂ ಕೀಫ್ರೇಮ್‌ಗಳನ್ನು ರೈಟ್ ಕ್ಲಿಕ್ ಮಾಡಿ ಹೊರಡುವುದನ್ನೂ ನಿಲ್ಲುವುದನ್ನೂ ಮೆತ್ತಗಾಗಿಸಿ, ಇಲ್ಲವಾದರೆ ಬಸ್ ಬ್ರೇಕ್ ಹಾಕಿದಂತೆ ಚಿತ್ರ ಜಗ್ಗುತ್ತದೆ.

ಮುಖವನ್ನು ಗುರುತಿಸಿ ತಾನೇ ಹಿಂಬಾಲಿಸುವ ಸೌಲಭ್ಯ ಈಗ ಹಲವು ತಂತ್ರಾಂಶಗಳಲ್ಲಿದೆ. ಭಾಷಣ ಮಾಡುವವರಿಗೆ ಅದು ಸರಿ. ಆಟಕ್ಕೆ ಹಾಕಿದಾಗ ವೇಷ ಬೆನ್ನು ತಿರುಗಿಸಿದೊಡನೆ ಅದು ಹಿಂದಿದ್ದ ಚಂಡೆಯವರ ಮುಖಕ್ಕೆ ಹಾರಿತು. ಗಿರಕಿಯಲ್ಲಿ ಬೆನ್ನು ತಿರುಗುವುದು ತಪ್ಪುವುದಿಲ್ಲವಲ್ಲ!

ಐದು: ಇಬ್ಬರಿದ್ದರೆ ಸರಿಸದೆ ಕತ್ತರಿಸಿ

ಕುಣಿತ ಮುಗಿದ ಮೇಲೆ ದ್ರೋಣನೊಡನೆ ಮಾತು. ಅಭಿಮನ್ಯು 620ರಲ್ಲಿ, ದ್ರೋಣ 1310ರಲ್ಲಿ ನಿಂತಿದ್ದಾರೆ. ನಡುವೆಯೇ 690 ಪಿಕ್ಸೆಲ್ ಇದೆ, ಇಬ್ಬರೂ ಒಂದೇ ಪಟ್ಟಿಯಲ್ಲಿ ಹಿಡಿಸುವುದಿಲ್ಲ. ನಡುಭಾಗವನ್ನು ಕತ್ತರಿಸಿದರೆ ಇಬ್ಬರ ಅರ್ಧರ್ಧ ದೇಹ, ನಡುವೆ ಖಾಲಿ ಪರದೆ. ಮಾತು ಬದಲಾದಾಗಲೆಲ್ಲ ಚೌಕಟ್ಟನ್ನು ಅತ್ತಿತ್ತ ಬೀಸಿದರೆ ಟೆನಿಸ್ ನೋಡಿದಂತಾಗುತ್ತದೆ.

ಇಲ್ಲಿ ಕೀಫ್ರೇಮ್ ಬೇಡ. ಮಾತು ಕೈ ಬದಲಾಗುವಲ್ಲಿ ತುಣುಕನ್ನೇ ಬ್ಲೇಡ್‌ನಿಂದ ತುಂಡರಿಸಿ, ಪ್ರತಿ ತುಂಡಿಗೂ ಬೇರೆ Position X ಕೊಡಿ. ಪಾತ್ರವನ್ನು ಸರಿಯಾಗಿ ನಡುವೆ ಕೂರಿಸದೆ ಅದು ನೋಡುತ್ತಿರುವ ದಿಕ್ಕಿನಲ್ಲಿ ಐವತ್ತು ಪಿಕ್ಸೆಲ್ ಹೆಚ್ಚು ಜಾಗ ಬಿಡಿ. ಬಲಕ್ಕೆ ನೋಡುವ ಅಭಿಮನ್ಯುವಿಗೆ ಪಟ್ಟಿಯ ನಡು 670 ಆಗುತ್ತದೆ, ಅಂದರೆ Position X ಸುಮಾರು 516. ಎಡಕ್ಕೆ ನೋಡುವ ದ್ರೋಣನಿಗೆ ನಡು 1260, ಅಂದರೆ −533. ಹೀಗೆ ಮಾಡಿದಾಗ ಇಬ್ಬರೂ ಎದುರುಬದುರು ನಿಂತಿದ್ದಾರೆಂಬುದು ಚೌಕಟ್ಟಿನ ಹೊರಗಿದ್ದರೂ ತಿಳಿಯುತ್ತದೆ. ಎರಡು ಸೆಕೆಂಡಿಗಿಂತ ಚಿಕ್ಕ ತುಂಡು ಮಾಡಬೇಡಿ. ಹೂಂಕಾರಕ್ಕೂ ತಲೆಯಾಡಿಸಿದ್ದಕ್ಕೂ ತಿರುಗುವ ಅಗತ್ಯವಿಲ್ಲ. ಧ್ವನಿಯನ್ನು ಮಾತ್ರ ತುಂಡರಿಸದೆ ಹಾಗೆಯೇ ಓಡಲು ಬಿಡಿ.

ಆರು: ಹೊರತೆಗೆಯಿರಿ

1080 x 1920ರಲ್ಲಿ, ಎಚ್.264ಗೆ ರೆಂಡರ್ ಮಾಡಿದರೆ ಆಯಿತು. ಕುಣಿತದ ಭಾಗವೊಂದೇ ಬೇಕು, ಚೌಕಟ್ಟು ಸರಿಯುವುದೇ ಇಲ್ಲ ಎನ್ನುವವರಿಗೆ ಇಷ್ಟೆಲ್ಲ ತಂತ್ರಾಂಶವೂ ಬೇಡ. ಕಂಪ್ಯೂಟರ್‌ನಲ್ಲಿ ಆಜ್ಞೆ ಬರೆದು ವಿಡಿಯೊ ತಿದ್ದುವ ಎಫ್‌ಎಫ್‌ಎಂಪೆಗ್ ಇದ್ದರೆ ಈ ಒಂದು ಸಾಲು ಸಾಕು:

```
ffmpeg -i aata.mp4 -vf "crop=608:1080:656:0,scale=1080:1920,setsar=1" -c:a copy reel.mp4
```

ಇಲ್ಲಿ 656 ಎಂಬುದು ಪಟ್ಟಿ ಎಡದಿಂದ ಎಲ್ಲಿ ಶುರುವಾಗಬೇಕು ಎಂಬ ಅಂಕಿ. ನಿಮ್ಮ ವೇಷದ ನಡುವಿನ ಅಂಕಿಯಿಂದ 304 ಕಳೆದು ಬಂದದ್ದನ್ನು ಅಲ್ಲಿ ಬರೆಯಿರಿ.

ಏಳು: ಫೋನ್‌ನಲ್ಲಿ ನೋಡಿ

ಕಂಪ್ಯೂಟರ್ ಪರದೆಯಲ್ಲಿ ಸರಿ ಕಂಡದ್ದು ಫೋನ್‌ನಲ್ಲಿ ತಪ್ಪಿರುತ್ತದೆ. ಮೊದಲು ಚಂಡೆಯ ಬಾಯಿಯೋ ದುಂಡಗಿನ ಬಲ್ಬೋ ಮೂಲ ವಿಡಿಯೊದಲ್ಲಿ ಇದ್ದಂತೆಯೇ ಇದೆಯೇ ನೋಡಿ. ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಎಲ್ಲೋ ಚಿತ್ರ ಹಿಂಡಿದೆ. ಬಳಿಕ ಅಂಚುಗಳನ್ನಷ್ಟೇ ಗಮನಿಸುತ್ತ ಒಮ್ಮೆ ಪೂರ್ತಿ ಓಡಿಸಿ, ಬೆರಳ ತುದಿ ಎಲ್ಲಿಯೂ ತಾಗಬಾರದು.

ಇನ್ನು ಗೆಜ್ಜೆ. ರೀಲ್ಸ್‌ನ ಕೆಳಭಾಗದಲ್ಲಿ ಖಾತೆಯ ಹೆಸರೂ ಬರಹವೂ ಕೂರುತ್ತವೆ, ಬಲ ಅಂಚಿನಲ್ಲಿ ಮೆಚ್ಚುಗೆಯ ಗುಂಡಿಗಳು. ಪಾದಗಳು ಇರುವುದು ಅದೇ ಜಾಗದಲ್ಲಿ. ಝೂಮ್ ಮಾಡಿ ಚಿತ್ರವನ್ನು ಮೇಲೆತ್ತಲು ಹೋದರೆ ಪಾದವೂ ಹೆಚ್ಚುಕಡಿಮೆ ಅಷ್ಟೇ ಕೆಳಗಿಳಿಯುವುದರಿಂದ ಹೆಚ್ಚೇನೂ ಗಿಟ್ಟುವುದಿಲ್ಲ, ಬದಿಯಲ್ಲಿ ಉಳಿದಿದ್ದ ಹದಿನಾಲ್ಕು ಪಿಕ್ಸೆಲ್ ಮಾತ್ರ ಹೋಗುತ್ತದೆ. ನಾನು ಮಾಡುವುದಿಷ್ಟೇ: ಪ್ರಸಂಗದ ಹೆಸರು, ಕಲಾವಿದರ ಹೆಸರು ಒಂದೇ ಸಾಲಿನಲ್ಲಿ ಬರೆದು, ಉಳಿದ ವಿವರವನ್ನೆಲ್ಲ ಮೊದಲ ಕಾಮೆಂಟಿನಲ್ಲಿ ಹಾಕುತ್ತೇನೆ.